ಬಾಲ ದಾಟಿದ ಮೇಲೆಯೇ ರೈಲು ದಾಟಿದಂತೆ

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಎಂಟನೇ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದೆ. ಅಂದರೆ ಒಂದೂವರೆ ಕಿಲೋಮೀಟರ್, ಮೇಲೆ ಏಳು ಮೀಟರ್. 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ ಅದು ಉತ್ತರ ಪ್ರದೇಶದ ಗೋರಖಪುರದ 1366 ಮೀಟರ್ ಪ್ಲಾಟ್‌ಫಾರ್ಮನ್ನು ಹಿಂದೆ ಹಾಕಿ ಜಗತ್ತಿನಲ್ಲೇ ಅತಿ ಉದ್ದದ್ದು ಎನಿಸಿಕೊಂಡಿತು. ಕೈಯಲ್ಲಿ ಸಾಮಾನು ಹಿಡಿದು ಸಾಧಾರಣ ನಡಿಗೆಯಲ್ಲಿ ಹೊರಟವರಿಗೆ ಈ ತುದಿಯಿಂದ ಆ ತುದಿ ಮುಟ್ಟಲು ಇಪ್ಪತ್ತು ನಿಮಿಷವಾದರೂ ಹಿಡಿಯುತ್ತದೆ.

ಈಗ ಒಂದು ಲೆಕ್ಕ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಒಂದು ರೈಲು ಎಲ್ಲಿಯೂ ನಿಲ್ಲದೆ ಈ ಪ್ಲಾಟ್‌ಫಾರ್ಮನ್ನು ದಾಟಿಹೋಗುತ್ತದೆ ಎಂದಿಟ್ಟುಕೊಳ್ಳಿ. ಎಷ್ಟು ಹೊತ್ತು ಬೇಕು? ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೆ ಒಂದು ಕಿಲೋಮೀಟರ್, ಹಾಗಾಗಿ ಒಂದೂವರೆ ಕಿಲೋಮೀಟರಿಗೆ ಮೂರು ನಿಮಿಷ ಎಂದು ಥಟ್ಟನೆ ಉತ್ತರ ಬರುತ್ತದೆ. ಗುಣಾಕಾರ, ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಗಡಿಯಾರ ಹಿಡಿದು ನಿಂತವರಿಗೆ ಮೂರು ನಿಮಿಷ ಕಳೆದಾಗಲೂ ಉದ್ದಕ್ಕೆ ಬೋಗಿಗಳು ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಉರುಳುತ್ತಿರುವುದು ಕಾಣುತ್ತದೆ. ಇಪ್ಪತ್ತೆರಡು ಬೋಗಿಗಳ ರೈಲಾದರೆ ಪೂರ್ತಿ ದಾಟಿಹೋಗಲು ನಾಲ್ಕು ನಿಮಿಷ ಏಳು ಸೆಕೆಂಡ್ ಬೇಕು. ಬಿಟ್ಟುಹೋದ ಆ ಒಂದು ನಿಮಿಷ ಏಳು ಸೆಕೆಂಡ್ ಎಲ್ಲಿಯದು ಎಂಬುದು ತಿಳಿದರೆ ಈ ಲೆಕ್ಕದ ಮುಕ್ಕಾಲು ಪಾಲು ತಿಳಿದಂತೆಯೇ.

ರೈಲ್ವೆ ನೇಮಕಾತಿಯಿಂದ ಹಿಡಿದು ಬ್ಯಾಂಕ್, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗಳವರೆಗೆ ಎಲ್ಲ ಕಡೆಯೂ ಈ ಪ್ರಶ್ನೆ ಬರುತ್ತದೆ. ರೈಲಿನ ಉದ್ದ ಇಷ್ಟು, ಪ್ಲಾಟ್‌ಫಾರ್ಮಿನ ಉದ್ದ ಇಷ್ಟು, ವೇಗ ಗಂಟೆಗೆ ಇಷ್ಟು, ದಾಟಲು ಎಷ್ಟು ಸೆಕೆಂಡ್? ಕೋಚಿಂಗ್ ತರಗತಿಗಳಲ್ಲಿ ‘ಎರಡೂ ಉದ್ದ ಕೂಡಿಸಿ, ವೇಗವನ್ನು 5/18ರಿಂದ ಗುಣಿಸಿ, ಭಾಗಿಸಿ’ ಎಂದು ಬಾಯಿಪಾಠ ಮಾಡಿಸುತ್ತಾರೆ. ಉತ್ತರವೂ ಬರುತ್ತದೆ. ಆದರೆ ಏಕೆ ಕೂಡಿಸಬೇಕು ಎಂದು ಕೇಳಿದರೆ ತಡವರಿಸುವವರೇ ಹೆಚ್ಚು. ಕಾರಣ ಗೊತ್ತಿಲ್ಲದೆ ಕಲಿತ ಸೂತ್ರ, ಪ್ರಶ್ನೆಯಲ್ಲಿ ಪ್ಲಾಟ್‌ಫಾರ್ಮಿನ ಬದಲು ಸಿಗ್ನಲ್ ಕಂಬ ಬಂದರೆ ಕೈಕೊಡುತ್ತದೆ.

ಮೊದಲು ‘ದಾಟುವುದು’ ಎಂದರೇನು ಎಂದು ತೀರ್ಮಾನಿಸಿಕೊಳ್ಳಬೇಕು. ಎಂಜಿನ್ನಿನ ಮೂತಿ ಪ್ಲಾಟ್‌ಫಾರ್ಮಿನ ಈಚೆ ತುದಿಗೆ ಬಂದ ಕ್ಷಣದಲ್ಲಿ ದಾಟುವುದು ಶುರು. ಕೊನೆಯ ಬೋಗಿಯ ಹಿಂಬದಿ ಆಚೆ ತುದಿಯನ್ನು ಬಿಟ್ಟ ಕ್ಷಣದಲ್ಲಿ ಮುಗಿತಾಯ. ಶುರುವಾಗುವಾಗ ನಾವು ನೋಡಿದ್ದು ಎಂಜಿನ್ನನ್ನು, ಮುಗಿಯುವಾಗ ನೋಡಿದ್ದು ಬಾಲವನ್ನು. ಇದರ ನಡುವೆ ಎಂಜಿನ್ ಎಷ್ಟು ದೂರ ಓಡಿತು? ಇಡೀ ಪ್ಲಾಟ್‌ಫಾರ್ಮನ್ನು ದಾಟಿತು, ಆಮೇಲೆ ತನ್ನ ಬಾಲವನ್ನೂ ಹೊರಗೆಳೆದುಕೊಳ್ಳುವಷ್ಟು, ಅಂದರೆ ರೈಲಿನ ಉದ್ದದಷ್ಟು, ಇನ್ನೂ ಮುಂದೆ ಹೋಯಿತು. ಬಾಲದ ಕಡೆಯಿಂದ ನೋಡಿದರೂ ಲೆಕ್ಕ ಅದೇ. ಎಂಜಿನ್ ಪ್ಲಾಟ್‌ಫಾರ್ಮ್ ಮುಟ್ಟಿದಾಗ ಬಾಲ ಒಂದು ರೈಲಿನಷ್ಟು ಹಿಂದಿತ್ತು. ಅಲ್ಲಿಂದ ಪ್ಲಾಟ್‌ಫಾರ್ಮಿನ ತನಕ ಬಂದು, ಆಮೇಲೆ ಪ್ಲಾಟ್‌ಫಾರ್ಮನ್ನೂ ಕ್ರಮಿಸಬೇಕು. ಯಾವ ಕಡೆಯಿಂದ ಎಣಿಸಿದರೂ ಓಡಬೇಕಾದ ದೂರ ಎರಡು ಉದ್ದಗಳ ಮೊತ್ತ.

ಬಾಲಕ್ಕೆ ಇಷ್ಟು ಬೆಲೆ ಕೊಡುವುದು ಗಣಿತದ ಮೇಷ್ಟರುಗಳು ಮಾತ್ರವಲ್ಲ. ನಿಲ್ಲದೆ ಹಾದುಹೋಗುವ ಎಕ್ಸ್‌ಪ್ರೆಸ್ ಬರುವಾಗ ಚಿಕ್ಕ ಸ್ಟೇಷನ್ನಿನಲ್ಲಿ ಏನಾಗುತ್ತದೆ ನೋಡಿ. ಸ್ಟೇಷನ್ ಮಾಸ್ಟರ್ ಹಸಿರು ಬಾವುಟ ಹಿಡಿದು ಹೊರಗೆ ಬಂದು ನಿಲ್ಲುತ್ತಾರೆ. ಹಳಿಯ ಇನ್ನೊಂದು ಪಕ್ಕದಲ್ಲಿ ಪಾಯಿಂಟ್ಸ್‌ಮನ್ ನಿಂತಿರುತ್ತಾರೆ. ಎಂಜಿನ್ನಿನ ಕಿಟಕಿಯಿಂದ ಲೋಕೋ ಪೈಲಟ್ ಕಡೆಯವರು ಹಸಿರು ತೋರಿಸುತ್ತಾರೆ, ಇವರೂ ತೋರಿಸುತ್ತಾರೆ. ಎಂಜಿನ್ ಹೋಯಿತೆಂದು ಇವರು ಒಳಗೆ ಹೋಗುವುದಿಲ್ಲ. ಬೋಗಿಗಳ ಅಡಿಭಾಗವನ್ನು ನೋಡುತ್ತ ನಿಲ್ಲುತ್ತಾರೆ: ಏನಾದರೂ ಜೋತಾಡುತ್ತಿದೆಯೇ, ಎಲ್ಲಾದರೂ ಹೊಗೆ ಬರುತ್ತಿದೆಯೇ, ಚಕ್ರದ ಸದ್ದು ಸರಿಯಿದೆಯೇ. ಕೊನೆಗೆ ಗಾರ್ಡ್ ಇರುವ ಬೋಗಿ ಬರುತ್ತದೆ. ಈಗ ಅವರನ್ನು ಟ್ರೈನ್ ಮ್ಯಾನೇಜರ್ ಎನ್ನುತ್ತಾರೆ. ಅವರೊಂದಿಗೂ ಹಸಿರು ವಿನಿಮಯವಾಗುತ್ತದೆ. ಆಮೇಲೆ ಕಣ್ಣು ಹೋಗುವುದು ಬೋಗಿಯ ಬೆನ್ನಿಗೆ. ಅಲ್ಲಿ ಎಲ್‌ವಿ ಎಂದು ಬರೆದ ಚಿಕ್ಕ ಫಲಕ ತೂಗುತ್ತಿರಬೇಕು, ರಾತ್ರಿಯಾದರೆ ಕೆಂಪು ದೀಪ ಮಿನುಗುತ್ತಿರಬೇಕು. ಇದೇ ಕೊನೆಯ ಬೋಗಿ, ಇದರ ಹಿಂದೆ ಇನ್ನೇನೂ ಇಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಫಲಕ ಕಾಣದಿದ್ದರೆ ರೈಲು ನಡುವೆ ಕಳಚಿ ಹಿಂದೆಲ್ಲೋ ಒಂದಷ್ಟು ಬೋಗಿಗಳು ಉಳಿದಿರಬಹುದು ಎಂದೇ ಎಣಿಸಬೇಕಾಗುತ್ತದೆ. ಅದು ಖಚಿತವಾಗುವ ತನಕ ಆ ಹಳಿಯ ಮೇಲೆ ಮತ್ತೊಂದು ರೈಲನ್ನು ಬಿಡುವಂತಿಲ್ಲ. ಇತ್ತೀಚೆಗೆ ಹಲವು ಕಡೆ ಆಕ್ಸಲ್ ಕೌಂಟರ್ ಎಂಬ ಯಂತ್ರ ಒಳಗೆ ಬಂದ ಗಾಲಿಗಳನ್ನೂ ಹೊರಗೆ ಹೋದ ಗಾಲಿಗಳನ್ನೂ ಎಣಿಸಿ ತಾಳೆ ನೋಡುತ್ತದೆ. ಮನುಷ್ಯರಾಗಲಿ ಯಂತ್ರವಾಗಲಿ, ರೈಲು ದಾಟಿತು ಎನ್ನುವುದು ಬಾಲ ದಾಟಿದ ಮೇಲೆಯೇ.

ಇನ್ನು ರೈಲಿನ ಉದ್ದ. ಪರೀಕ್ಷೆಯ ಪ್ರಶ್ನೆಯಲ್ಲಿ ಅದನ್ನು ಕೊಟ್ಟಿರುತ್ತಾರೆ, ನಿಜಜೀವನದಲ್ಲಿ ಬೋಗಿ ಎಣಿಸಿ ಕಂಡುಕೊಳ್ಳಬೇಕು. ನಮ್ಮಲ್ಲಿ ಓಡುವ ಬೋಗಿಗಳಲ್ಲಿ ಎರಡು ಜಾತಿ ಮುಖ್ಯ. ಬಹುಕಾಲದಿಂದ ನಾವು ನೋಡಿದ ನೀಲಿ ಬಣ್ಣದ ಐಸಿಎಫ್ ಬೋಗಿ, ಚೆನ್ನೈನ ಕಾರ್ಖಾನೆಯ ಹೆಸರಿನದು. ಕೊಂಡಿಯೂ ಸೇರಿ ಅದರ ಉದ್ದ ಸುಮಾರು 22.3 ಮೀಟರ್. ಈಗ ಹೆಚ್ಚಾಗಿ ಕಾಣುವ ಎಲ್‌ಎಚ್‌ಬಿ ಬೋಗಿ ಸುಮಾರು 24 ಮೀಟರ್. ಒಂದು ಬೋಗಿಗೆ ಒಂದೂಮುಕ್ಕಾಲು ಮೀಟರ್ ವ್ಯತ್ಯಾಸ ಏನು ಮಹಾ ಎನ್ನಿಸಬಹುದು. ಆದರೆ 24 ಬೋಗಿಗಳ ರೈಲಿನಲ್ಲಿ ಅದು 41 ಮೀಟರ್ ಆಗುತ್ತದೆ, ಹೆಚ್ಚುಕಡಿಮೆ ಎರಡು ಬೋಗಿಯಷ್ಟು. ಮೇಲೆ ಎಂಜಿನ್. ಎಕ್ಸ್‌ಪ್ರೆಸ್‌ಗಳನ್ನು ಎಳೆಯುವ ಡಬ್ಲ್ಯುಎಪಿ-7 ವಿದ್ಯುತ್ ಎಂಜಿನ್ ಇಪ್ಪತ್ತೂವರೆ ಮೀಟರಿಗೆ ಸ್ವಲ್ಪ ಹೆಚ್ಚಿದೆ. ಬೋಗಿ ಎಣಿಸುವ ಭರದಲ್ಲಿ ಎಂಜಿನ್ನನ್ನು ಮರೆಯುವುದು ತೀರಾ ಸಾಮಾನ್ಯ.

ನಮ್ಮ ಹುಬ್ಬಳ್ಳಿಯ ಲೆಕ್ಕಕ್ಕೆ 22 ಎಲ್‌ಎಚ್‌ಬಿ ಬೋಗಿಗಳ ರೈಲನ್ನು ತೆಗೆದುಕೊಳ್ಳೋಣ. 22ನ್ನು 24ರಿಂದ ಗುಣಿಸಿದರೆ 528 ಮೀಟರ್. ಎಂಜಿನ್ನಿಗೆ 21 ಸೇರಿಸಿದರೆ 549. ಪ್ಲಾಟ್‌ಫಾರ್ಮಿನ 1507 ಕೂಡಿಸಿದರೆ ಒಟ್ಟು 2056 ಮೀಟರ್. ರೈಲು ಓಡಬೇಕಾದ ದೂರ ಇದು. ಪ್ಲಾಟ್‌ಫಾರ್ಮಿನ ತುದಿಯಲ್ಲಿರುವ ಇಳಿಜಾರನ್ನು ಸೇರಿಸಬೇಕೇ ಬೇಡವೇ ಎಂಬ ಸಂಶಯ ಕೆಲವರಿಗೆ ಬರುತ್ತದೆ. ಆಳೆತ್ತರಕ್ಕಿಂತ ಎಷ್ಟೋ ಕಡಿಮೆ ಎತ್ತರದ ಕಟ್ಟೆಯಿಂದ ನೆಲಕ್ಕಿಳಿಯುವ ಆ ಇಳಿಜಾರು ಐದು ಮೀಟರ್ ಆಸುಪಾಸಿನದು. 30ರ ವೇಗದಲ್ಲಿ ಅದು ಅರ್ಧ ಸೆಕೆಂಡಿನ ಮಾತು. ಒಮ್ಮೆ ಸೇರಿಸುವುದೆಂದರೆ ಸೇರಿಸಿ, ಬಿಡುವುದೆಂದರೆ ಬಿಡಿ, ನಡುವೆ ಬದಲಾಯಿಸದಿದ್ದರೆ ಸಾಕು.

ಉಳಿದದ್ದು ವೇಗ. ದೂರ ಮೀಟರಿನಲ್ಲಿದೆ, ಉತ್ತರ ಸೆಕೆಂಡಿನಲ್ಲಿ ಬೇಕು, ವೇಗ ಮಾತ್ರ ಗಂಟೆಗೆ ಕಿಲೋಮೀಟರ್ ಎಂದಿದೆ. ಮೂರನ್ನೂ ಒಂದೇ ಅಳತೆಗೆ ತರದೆ ಭಾಗಿಸಿದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. 2056ನ್ನು ನೇರವಾಗಿ 30ರಿಂದ ಭಾಗಿಸಿದರೆ 68 ಚಿಲ್ಲರೆ ಬರುತ್ತದೆ. ನೋಡಲು ಸೆಕೆಂಡಿನ ಹಾಗೆಯೇ ಕಾಣುವುದರಿಂದ ಮೋಸ ಹೋಗುವುದು ಸುಲಭ. ಆದರೆ ಎರಡು ಕಿಲೋಮೀಟರನ್ನು 68 ಸೆಕೆಂಡಿನಲ್ಲಿ ಓಡಬೇಕಾದರೆ ರೈಲು ಗಂಟೆಗೆ ನೂರಕ್ಕೂ ಹೆಚ್ಚು ವೇಗದಲ್ಲಿರಬೇಕು ಎಂದು ಒಂದು ಕ್ಷಣ ಯೋಚಿಸಿದರೆ ತಪ್ಪು ಸಿಕ್ಕಿಬೀಳುತ್ತದೆ.

ಪರಿವರ್ತನೆ ಕಷ್ಟವೇನಲ್ಲ. ಒಂದು ಕಿಲೋಮೀಟರಿಗೆ 1000 ಮೀಟರ್, ಒಂದು ಗಂಟೆಗೆ 3600 ಸೆಕೆಂಡ್. ಆದ್ದರಿಂದ ಗಂಟೆಗೆ ಒಂದು ಕಿಲೋಮೀಟರ್ ಎಂದರೆ 3600 ಸೆಕೆಂಡಿಗೆ 1000 ಮೀಟರ್. ಎರಡನ್ನೂ 200ರಿಂದ ಭಾಗಿಸಿದರೆ 18 ಸೆಕೆಂಡಿಗೆ 5 ಮೀಟರ್. ಬಾಯಿಪಾಠದ 5/18 ಹುಟ್ಟಿದ್ದು ಇಲ್ಲಿಂದ. ಅದನ್ನು ತಲೆಕೆಳಗು ಮಾಡಿ 18/5ರಿಂದ ಗುಣಿಸುವವರಿಗೆ ನೆನಪಿನ ಗುರುತು ಒಂದಿದೆ: ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸರಿಯಾಗಿ 10 ಮೀಟರ್. ಸೆಕೆಂಡಿನ ಲೆಕ್ಕಕ್ಕೆ ಬಂದಾಗ ಸಂಖ್ಯೆ ಚಿಕ್ಕದಾಗಲೇಬೇಕು. ಪ್ರಶ್ನೆಪತ್ರಿಕೆಗಳಲ್ಲಿ ರೈಲುಗಳು ಯಾವಾಗಲೂ 36, 54, 72, 90, 108ರ ವೇಗದಲ್ಲೇ ಓಡುವುದಕ್ಕೂ ಇದೇ ಕಾರಣ. ಎಲ್ಲವೂ 18ರಿಂದ ಭಾಗವಾಗುತ್ತವೆ, ಸೆಕೆಂಡಿಗೆ 10, 15, 20, 25, 30 ಮೀಟರ್ ಎಂದು ಚಿಲ್ಲರೆಯಿಲ್ಲದೆ ಬರುತ್ತವೆ.

ಎಲ್ಲವನ್ನೂ ಒಂದೇ ಸಾಲಿಗೆ ತಂದರೆ ಹೀಗಾಗುತ್ತದೆ:

ಸೆಕೆಂಡ್ = (ರೈಲಿನ ಉದ್ದ + ಪ್ಲಾಟ್‌ಫಾರ್ಮಿನ ಉದ್ದ) × 3.6 ÷ ವೇಗ

ಉದ್ದಗಳು ಮೀಟರಿನಲ್ಲಿ, ವೇಗ ಗಂಟೆಗೆ ಕಿಲೋಮೀಟರಿನಲ್ಲಿ. 2056ನ್ನು 3.6ರಿಂದ ಗುಣಿಸಿದರೆ 7401.6, ಅದನ್ನು 30ರಿಂದ ಭಾಗಿಸಿದರೆ 246.7 ಸೆಕೆಂಡ್. ಅದೇ ನಾಲ್ಕು ನಿಮಿಷ ಏಳು ಸೆಕೆಂಡ್.

ಕಾಗದ ಪೆನ್ನು ಇಲ್ಲದಿದ್ದಾಗ ನನಗೆ ಇದಕ್ಕಿಂತ ಇಷ್ಟವಾದ ದಾರಿ ಬೇರೆ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ಹಾಗಾಗಿ 60ರ ವೇಗದಲ್ಲಿ, ಒಟ್ಟು ದೂರ ಎಷ್ಟು ಕಿಲೋಮೀಟರೋ ಅಷ್ಟೇ ನಿಮಿಷ. 2056 ಮೀಟರ್ ಎಂದರೆ ಎರಡು ನಿಮಿಷದ ಮೇಲೆ ಒಂದೆರಡು ಮೂರು ಸೆಕೆಂಡ್. ವೇಗ ಅರ್ಧವಾದರೆ ಹೊತ್ತು ಇಮ್ಮಡಿ, ನಾಲ್ಕು ನಿಮಿಷದ ಮೇಲೆ ಸ್ವಲ್ಪ. 120ರ ವೇಗವಾದರೆ ಒಂದೇ ನಿಮಿಷ. ಮೊದಲು ಹೀಗೆ ಅಂದಾಜು ಮಾಡಿಕೊಂಡು ಆಮೇಲೆ ಸೂತ್ರ ಹಾಕಿದರೆ, 68 ಸೆಕೆಂಡಿನಂಥ ಉತ್ತರ ಬಂದಾಗ ಕೈ ತಾನಾಗಿ ತಡೆಯುತ್ತದೆ.

ಇದೇ ರೈಲನ್ನು ಈಗ ಮೂವರ ಕಣ್ಣಿನಿಂದ ನೋಡೋಣ. ಕೂಡಿಸುವುದೇಕೆ ಎಂಬುದು ಇಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಪ್ಲಾಟ್‌ಫಾರ್ಮಿನ ಮೇಲೆ ಒಂದೇ ಕಡೆ ನಿಂತ ಚಹಾ ಮಾರುವವನೊಬ್ಬನಿದ್ದಾನೆ. ಎಂಜಿನ್ ಅವನ ಮುಂದೆ ಬಂದಾಗಿನಿಂದ ಕೊನೆಯ ಬೋಗಿ ಹೋಗುವವರೆಗೆ ರೈಲು ಅವನನ್ನು ದಾಟಬೇಕಾದದ್ದು ತನ್ನ ಉದ್ದವಷ್ಟೇ, 549 ಮೀಟರ್. 30ರ ವೇಗದಲ್ಲಿ 66 ಸೆಕೆಂಡ್. ಪ್ಲಾಟ್‌ಫಾರ್ಮ್ ಎಷ್ಟು ಉದ್ದವಿದ್ದರೂ ಅವನಿಗೆ ಅದು ಲೆಕ್ಕಕ್ಕಿಲ್ಲ. ಸಿಗ್ನಲ್ ಕಂಬದ ಪ್ರಶ್ನೆ ಎಂದರೆ ಇದೇ. ಎರಡನೆಯವಳು ರೈಲಿನೊಳಗೆ ಕಿಟಕಿಗೆ ಒರಗಿ ಕೂತ ಹುಡುಗಿ. ಅವಳ ಕಿಟಕಿಯ ಮುಂದೆ ಪ್ಲಾಟ್‌ಫಾರ್ಮಿನ ಈಚೆ ತುದಿ ಬಂದಾಗಿನಿಂದ ಆಚೆ ತುದಿ ಸರಿದುಹೋಗುವವರೆಗೆ ಅವಳು ಕ್ರಮಿಸುವುದು 1507 ಮೀಟರ್. ಅದಕ್ಕೆ 181 ಸೆಕೆಂಡ್. ಅವಳಿಗೆ ರೈಲಿನ ಉದ್ದ ಲೆಕ್ಕಕ್ಕಿಲ್ಲ. ಥಟ್ಟನೆ ಬಂದ ಮೂರು ನಿಮಿಷದ ಉತ್ತರ ಅವಳದು. ಮೂರನೆಯವರು ಸ್ಟೇಷನ್ ಮಾಸ್ಟರ್. ಅವರಿಗೆ ಇಡೀ ರೈಲು ಇಡೀ ಪ್ಲಾಟ್‌ಫಾರ್ಮನ್ನು ಬಿಟ್ಟುಹೋಗಬೇಕು. ಅವರ 247 ಸೆಕೆಂಡ್, ಚಹಾದವನ 66 ಮತ್ತು ಹುಡುಗಿಯ 181 ಎರಡೂ ಕೂಡಿದ್ದು. ಹಾಗಾಗಿ ಪ್ರಶ್ನೆ ಓದುವಾಗ ‘ಕಂಬವನ್ನು’, ‘ನಿಂತ ವ್ಯಕ್ತಿಯನ್ನು’, ‘ಸೇತುವೆಯನ್ನು’, ‘ಸುರಂಗವನ್ನು’ ಎಂಬ ಪದಗಳ ಮೇಲೆ ಕಣ್ಣಿಡಬೇಕು. ಎದುರಿನ ವಸ್ತುವಿಗೆ ಉದ್ದವಿದ್ದರೆ ಕೂಡಿಸಿ, ಇಲ್ಲದಿದ್ದರೆ ರೈಲಿನ ಉದ್ದವಷ್ಟೇ.

ಇಷ್ಟರವರೆಗೆ ರೈಲು ಒಂದೇ ವೇಗದಲ್ಲಿ ಓಡುತ್ತಿದೆ ಎಂದು ಎಣಿಸಿದೆವು. ಮುಖ್ಯ ಹಳಿಯ ಮೇಲೆ ನಿಲ್ಲದೆ ಹಾದುಹೋಗುವ ರೈಲಿಗೆ ಇದು ಬಹುಮಟ್ಟಿಗೆ ಸರಿ. ಸುಮಾರು 540 ಮೀಟರ್ ಪ್ಲಾಟ್‌ಫಾರ್ಮಿನ ಸ್ಟೇಷನ್ನನ್ನು ನಮ್ಮ 549 ಮೀಟರ್ ರೈಲು ಗಂಟೆಗೆ 100ರಲ್ಲಿ ದಾಟಿದರೆ 39 ಸೆಕೆಂಡ್ ಸಾಕು, ಆ 39 ಸೆಕೆಂಡಿನಲ್ಲಿ ವೇಗ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಆದರೆ ಹುಬ್ಬಳ್ಳಿಯಂಥ ದೊಡ್ಡ ನಿಲ್ದಾಣದಲ್ಲಿ ರೈಲು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಅಲ್ಲಿ ಸೂತ್ರವನ್ನು ಹಾಗೆಯೇ ಹಚ್ಚಿದರೆ ತಪ್ಪುತ್ತದೆ.

ರೈಲು ಪ್ಲಾಟ್‌ಫಾರ್ಮಿನಲ್ಲಿ ನಿಂತಿದೆ, ಎಂಜಿನ್ ಆಚೆ ತುದಿಗೆ 20 ಮೀಟರ್ ಈಚೆ ಇದೆ ಎಂದುಕೊಳ್ಳಿ. ಹೊರಟ ಮೇಲೆ ಬಾಲ ಹೊರಬೀಳಲು ಎಷ್ಟು ಹೊತ್ತು? ಇಲ್ಲಿ 1507 ಮೀಟರ್ ಉದ್ದ ಕೆಲಸಕ್ಕೆ ಬರುವುದಿಲ್ಲ. ಬಾಲ ಆಚೆ ತುದಿಯಿಂದ 569 ಮೀಟರ್ ದೂರದಲ್ಲಿದೆ, ಅಷ್ಟನ್ನೇ ಓಡಬೇಕು. ವೇಗ ಸೊನ್ನೆಯಿಂದ ಒಂದೇ ಸಮನೆ ಏರುತ್ತ 80 ಸೆಕೆಂಡಿನಲ್ಲಿ 30ಕ್ಕೆ ಮುಟ್ಟುತ್ತದೆ, ಆಮೇಲೆ ಅಷ್ಟರಲ್ಲೇ ಉಳಿಯುತ್ತದೆ ಎಂದು ಎಣಿಸೋಣ. ಮೊದಲ 80 ಸೆಕೆಂಡಿನ ಸರಾಸರಿ ವೇಗ 15, ಆ ಹೊತ್ತಿನಲ್ಲಿ ಕ್ರಮಿಸಿದ್ದು 333 ಮೀಟರ್. ಉಳಿದ 236 ಮೀಟರಿಗೆ 30ರ ವೇಗದಲ್ಲಿ 28 ಸೆಕೆಂಡ್. ಒಟ್ಟು 108. ವೇಗ ಮೊದಲಿಂದಲೂ 30 ಎಂದು ಲೆಕ್ಕ ಹಾಕಿದ್ದರೆ 68 ಬರುತ್ತಿತ್ತು. ನಲವತ್ತು ಸೆಕೆಂಡಿನ ವ್ಯತ್ಯಾಸ. ಹಳಿ ಖಾಲಿಯಾಗುವುದನ್ನೇ ಕಾಯುತ್ತ ಹೊರಗೆ ಸಿಗ್ನಲ್ ಬಳಿ ಇನ್ನೊಂದು ರೈಲು ನಿಂತಿದ್ದರೆ ಆ ನಲವತ್ತು ಸೆಕೆಂಡ್ ಅದರ ತಲೆಯ ಮೇಲೂ ಬೀಳುತ್ತದೆ.

ನಿಲ್ದಾಣದೊಳಗೆ 30 ಎಂಬ ಸಂಖ್ಯೆಯನ್ನು ನಾನು ಸುಮ್ಮನೆ ಆರಿಸಿಕೊಳ್ಳಲಿಲ್ಲ. ಮುಖ್ಯ ಹಳಿಯಿಂದ ಪಕ್ಕದ ಲೂಪ್ ಲೈನಿಗೆ ತಿರುಗುವ ರೈಲು ಪಾಯಿಂಟುಗಳ ಮೇಲೆ ಹಾಯುವಾಗ ಸಾಮಾನ್ಯವಾಗಿ ಗಂಟೆಗೆ 15 ಅಥವಾ 30 ಕಿಲೋಮೀಟರ್ ಮಿತಿಯೊಳಗಿರಬೇಕು. ಆ ಮಿತಿ ಎಂಜಿನ್ನಿಗೆ ಮಾತ್ರವಲ್ಲ, ಕೊನೆಯ ಬೋಗಿ ಪಾಯಿಂಟ್ ದಾಟುವ ತನಕವೂ ಇರುತ್ತದೆ. ನೀವು ಮಧ್ಯದ ಬೋಗಿಯಲ್ಲಿ ಕೂತಿದ್ದು, ನಿಮ್ಮ ಬೋಗಿ ಆಗಲೇ ನೇರ ಹಳಿಗೆ ಬಂದಿದ್ದರೂ ರೈಲು ಇನ್ನೂ ಏಕೆ ತೆವಳುತ್ತಿದೆ ಎಂದು ಬೇಸರವಾಗುವುದು ಇದರಿಂದಲೇ. ಹಿಂದಿನ ಬೋಗಿಗಳು ಇನ್ನೂ ತಿರುವಿನಲ್ಲಿರುತ್ತವೆ.

ರೈಲಿನ ಉದ್ದವನ್ನು ಕೂಡಿಸುವ ಈ ಲೆಕ್ಕವನ್ನು ರೈಲ್ವೆಯವರು ಹಳಿಯ ಪಕ್ಕದಲ್ಲೇ ನೆಟ್ಟಿದ್ದಾರೆ. ಸೇತುವೆ ದುರಸ್ತಿಯೋ ಹಳಿಯ ಕೆಲಸವೋ ನಡೆಯುವ ಕಡೆ ವೇಗಕ್ಕೆ ಕಡಿವಾಣ ಹಾಕುತ್ತಾರೆ. ಕೆಲಸದ ಜಾಗಕ್ಕೆ ಮೊದಲೇ ಎಚ್ಚರಿಕೆಯ ಫಲಕ, ಆಮೇಲೆ ವೇಗದ ಅಂಕಿ ಬರೆದ ಫಲಕ ಇರುತ್ತದೆ. ಜಾಗ ಮುಗಿದ ಕಡೆ ಅಲ್ಲ, ಅಲ್ಲಿಂದ ಇನ್ನಷ್ಟು ಮುಂದೆ, ಟಿ/ಪಿ ಮತ್ತು ಟಿ/ಜಿ ಎಂದು ಬರೆದ ಹಳದಿ ಫಲಕಗಳು ನಿಂತಿರುತ್ತವೆ. ಮೊದಲನೆಯದು ಪ್ಯಾಸೆಂಜರ್ ರೈಲಿಗೆ, ಎರಡನೆಯದು ಗೂಡ್ಸ್ ರೈಲಿಗೆ. ಎಂಜಿನ್ ಆ ಫಲಕಕ್ಕೆ ಬಂದಿತೆಂದರೆ ಬಾಲ ದುರ್ಬಲ ಜಾಗವನ್ನು ದಾಟಿತು ಎಂದರ್ಥ, ವೇಗ ಏರಿಸಬಹುದು. ಅರ್ಧ ಕಿಲೋಮೀಟರ್ ಹಿಂದಿನ ಬಾಲ ಲೋಕೋ ಪೈಲಟ್‌ಗೆ ಕಾಣುವುದಿಲ್ಲ, ಹಾಗಾಗಿ ರೈಲಿನ ಉದ್ದವನ್ನು ಅವರ ಬದಲಿಗೆ ನೆಲದ ಮೇಲೆ ಅಳೆದು ಇಟ್ಟಿರುತ್ತಾರೆ. 200 ಮೀಟರ್ ಸೇತುವೆಯ ಮೇಲೆ 30ರ ಮಿತಿಯಿದ್ದರೆ ನಮ್ಮ ರೈಲಿನ ಎಂಜಿನ್ 24 ಸೆಕೆಂಡಿನಲ್ಲಿ ಸೇತುವೆಯಿಂದ ಹೊರಬರುತ್ತದೆ. ಆದರೆ ಇನ್ನೂ 66 ಸೆಕೆಂಡ್ ಅದೇ ವೇಗದಲ್ಲಿ ಹೋಗಬೇಕು. ಚಹಾದವನ 66 ಸೆಕೆಂಡೇ ಇದು, ಅದೇ ರೈಲು, ಅದೇ ವೇಗ.

ರೈಲು ಪ್ಲಾಟ್‌ಫಾರ್ಮಿಗಿಂತ ಎಷ್ಟೋ ಪಟ್ಟು ಉದ್ದವಾದಾಗ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. 2022ರ ಆಗಸ್ಟ್ 15ರಂದು ಛತ್ತೀಸ್‌ಗಢದ ಕೋರ್ಬಾದಿಂದ ‘ಸೂಪರ್ ವಾಸುಕಿ’ ಎಂಬ ಕಲ್ಲಿದ್ದಲಿನ ಗೂಡ್ಸ್ ರೈಲನ್ನು ಓಡಿಸಿದರು. ಐದು ಗೂಡ್ಸ್ ರೈಲುಗಳನ್ನು ಒಂದಕ್ಕೊಂದು ಜೋಡಿಸಿ 295 ವ್ಯಾಗನ್, ಉದ್ದ ಸುಮಾರು ಮೂರೂವರೆ ಕಿಲೋಮೀಟರ್. ಒಂದು ಸ್ಟೇಷನ್ ದಾಟಲು ಅದಕ್ಕೆ ನಾಲ್ಕು ನಿಮಿಷ ಹಿಡಿಯಿತು ಎಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಈ ಒಂದು ವಾಕ್ಯದಿಂದ ಅದರ ವೇಗವನ್ನು ನಾವೇ ಬಗೆದು ನೋಡಬಹುದು. ಸ್ಟೇಷನ್ ಎಂದರೆ ಅರ್ಧ ಕಿಲೋಮೀಟರ್ ಪ್ಲಾಟ್‌ಫಾರ್ಮ್ ಎಂದಿಟ್ಟುಕೊಂಡರೆ ಒಟ್ಟು ದೂರ ನಾಲ್ಕು ಕಿಲೋಮೀಟರ್. ನಾಲ್ಕು ನಿಮಿಷಕ್ಕೆ ನಾಲ್ಕು ಕಿಲೋಮೀಟರ್, ಗಂಟೆಗೆ 60. ಹೇಳಿದವರು ಒಂದೇ ಕಡೆ ನಿಂತು ಎಂಜಿನ್ನಿನಿಂದ ಬಾಲದವರೆಗೆ ಗಡಿಯಾರ ನೋಡಿದ್ದರೆ ದೂರ ಮೂರೂವರೆ ಕಿಲೋಮೀಟರ್ ಮಾತ್ರ, ವೇಗ 52 ಚಿಲ್ಲರೆ. ಪ್ಲಾಟ್‌ಫಾರ್ಮ್ ಸೇರಿಸಿದರೂ ಬಿಟ್ಟರೂ ಉತ್ತರ ಅಷ್ಟೇನೂ ಅಲುಗಾಡಲಿಲ್ಲ, ಏಕೆಂದರೆ ಇಲ್ಲಿ ಮೊತ್ತದ ಬಹುಪಾಲು ರೈಲಿನದೇ. ಹುಬ್ಬಳ್ಳಿಯಲ್ಲಿ ಇದಕ್ಕೆ ತದ್ವಿರುದ್ಧ, ಬಹುಪಾಲು ಪ್ಲಾಟ್‌ಫಾರ್ಮಿನದು. ಎರಡೂ ಸಮಸಮ ಇರುವ ಸಾಧಾರಣ ಸ್ಟೇಷನ್ನಿನಲ್ಲಿ ಒಂದನ್ನು ಮರೆತರೆ ಉತ್ತರ ನೇರವಾಗಿ ಅರ್ಧಕ್ಕಿಳಿಯುತ್ತದೆ.

ಲೆಕ್ಕವನ್ನು ಹಿಂದುಮುಂದಾಗಿ ಓಡಿಸಿ, ಕಾಣದ ರೈಲಿನ ವೇಗವನ್ನೂ ಉದ್ದವನ್ನೂ ಒಟ್ಟಿಗೆ ಹಿಡಿಯಬಹುದು. ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿದ್ದರೆ ಇದು ಒಂದು ಸಂಜೆಗೆ ಒಳ್ಳೆಯ ಕೆಲಸ. ಪ್ಲಾಟ್‌ಫಾರ್ಮಿನ ಎರಡು ತುದಿಗಳ ಬಳಿ ಒಬ್ಬೊಬ್ಬರು, ಅಂಚಿನ ಹಳದಿ ಗೆರೆಯಿಂದ ಸಾಕಷ್ಟು ಹಿಂದೆ, ಫೋನಿನ ಗಡಿಯಾರ ಹಿಡಿದು ನಿಲ್ಲಬೇಕು. ಇಬ್ಬರ ಗಡಿಯಾರವೂ ಒಂದೇ ಸಮಯ ತೋರಿಸಬೇಕು. ಈಚೆಯವರು ಎಂಜಿನ್ ಬಂದ ಹೊತ್ತು ಮತ್ತು ಬಾಲ ಹೋದ ಹೊತ್ತು ಗುರುತು ಹಾಕಿಕೊಳ್ಳಬೇಕು, ಆಚೆಯವರು ಬಾಲ ಹೋದ ಹೊತ್ತು. ಪ್ಲಾಟ್‌ಫಾರ್ಮಿನ ಉದ್ದ ಗೊತ್ತಿಲ್ಲದಿದ್ದರೆ ಹೆಜ್ಜೆ ಹಾಕಿ ಅಳೆಯಬಹುದು. ಬೋಗಿ ಸಂಖ್ಯೆ ತೋರಿಸುವ ಫಲಕಗಳು ಇದ್ದಲ್ಲಿ ಅವು ಹೆಚ್ಚುಕಡಿಮೆ ಒಂದೊಂದು ಬೋಗಿಯ ಅಂತರದಲ್ಲಿರುತ್ತವೆ, ಅವನ್ನು ಎಣಿಸಿಯೂ ಅಂದಾಜು ಮಾಡಬಹುದು.

540 ಮೀಟರ್ ಪ್ಲಾಟ್‌ಫಾರ್ಮಿನಲ್ಲಿ ಈಚೆಯವರ ಮುಂದೆ ರೈಲು ಪೂರ್ತಿ ಸರಿಯಲು 22 ಸೆಕೆಂಡ್, ಇಡೀ ಪ್ಲಾಟ್‌ಫಾರ್ಮ್ ದಾಟಲು 43.5 ಸೆಕೆಂಡ್ ಆಯಿತು ಎನ್ನೋಣ. ಮೊದಲನೆಯದು ರೈಲಿನ ಪಾಲು, ಎರಡನೆಯದು ರೈಲು ಮತ್ತು ಪ್ಲಾಟ್‌ಫಾರ್ಮ್ ಎರಡರದೂ. ಕಳೆದರೆ ಉಳಿಯುವ 21.5 ಸೆಕೆಂಡ್ ಪ್ಲಾಟ್‌ಫಾರ್ಮಿನದು ಮಾತ್ರ. 540ನ್ನು 21.5ರಿಂದ ಭಾಗಿಸಿದರೆ ಸೆಕೆಂಡಿಗೆ 25 ಮೀಟರಿಗೆ ತುಸು ಹೆಚ್ಚು, ಅಂದರೆ ಗಂಟೆಗೆ ಸುಮಾರು 90 ಕಿಲೋಮೀಟರ್. ಈಗ ಆ ವೇಗವನ್ನು 22 ಸೆಕೆಂಡಿನಿಂದ ಗುಣಿಸಿ: ರೈಲಿನ ಉದ್ದ ಸುಮಾರು 550 ಮೀಟರ್. ಬೋಗಿ ಎಣಿಸಿದವರು 22 ಎಂದಿದ್ದರೆ, ಎಂಜಿನ್ ಸೇರಿಸಿ ತಾಳೆಯಾಗುತ್ತದೆ. ಹೊಂದದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಗಡಿಯಾರ ಒತ್ತಿದ ಬೆರಳನ್ನು. ಒಂದು ಸೆಕೆಂಡ್ ಹೆಚ್ಚುಕಡಿಮೆಯಾದರೆ ಇಲ್ಲಿ ವೇಗ ಗಂಟೆಗೆ ನಾಲ್ಕು ಕಿಲೋಮೀಟರಿನಷ್ಟು ಆಚೀಚೆ ಹೋಗುತ್ತದೆ. ಪ್ಲಾಟ್‌ಫಾರ್ಮ್ ಉದ್ದವಿದ್ದಷ್ಟೂ, ರೈಲು ನಿಧಾನವಿದ್ದಷ್ಟೂ ಬೆರಳಿನ ತಪ್ಪು ಕಡಿಮೆ ಕಾಣುತ್ತದೆ. ಅಲ್ಲಿಗೂ ಹೊಂದದಿದ್ದರೆ ರೈಲು ಒಂದೇ ವೇಗದಲ್ಲಿ ಇರಲಿಲ್ಲ ಎಂದು ತಿಳಿಯಬೇಕು. ಅದನ್ನು ಪತ್ತೆ ಮಾಡಲು ಆಚೆ ತುದಿಯವರೂ ತಮ್ಮ ಮುಂದೆ ಎಂಜಿನ್ ಬಂದ ಹೊತ್ತನ್ನು ಬರೆದುಕೊಂಡಿರಬೇಕು. ಈಚೆ ತುದಿಯಲ್ಲಿ 22 ಸೆಕೆಂಡಿನಲ್ಲಿ ಸರಿದ ರೈಲು ಆಚೆ ತುದಿಯಲ್ಲಿ 19 ಸೆಕೆಂಡಿನಲ್ಲೇ ಸರಿದಿದ್ದರೆ, ಪ್ಲಾಟ್‌ಫಾರ್ಮಿನ ಉದ್ದಕ್ಕೂ ಅದು ವೇಗ ಏರಿಸುತ್ತ ಹೋಗಿದೆ.